ಹತ್ತುವ ಮೊದಲೇ ಇಳಿಯುವ ದಿನ ಗೊತ್ತಿರಲಿ

2013ರ ಜನವರಿ 11, ಶುಕ್ರವಾರ. ಬೆಳಗ್ಗೆ ಇನ್ಫೋಸಿಸ್ ತನ್ನ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿತು. ಅದಕ್ಕೂ ಮುನ್ನ ಹಲವು ಸಲ ನಿರಾಸೆ ಮಾಡಿದ್ದ ಕಂಪನಿ ಅದು. ಹಾಗಾಗಿ ಮಾರುಕಟ್ಟೆ ದೊಡ್ಡ ನಿರೀಕ್ಷೆ ಇಟ್ಟುಕೊಂಡಿರಲಿಲ್ಲ. ಆದರೆ ಬಂದ ಅಂಕಿಗಳು ಅಂದಾಜನ್ನು ಮೀರಿದ್ದವು. ಇಡೀ ವರ್ಷದ ಆದಾಯದ ಮುನ್ನೋಟವನ್ನೂ ಕಂಪನಿ ಏರಿಸಿತ್ತು. ಹಿಂದಿನ ಸಂಜೆ ಸುಮಾರು 2,320 ರೂಪಾಯಿಯಲ್ಲಿದ್ದ ಷೇರು ಅಂದು ಸಂಜೆ ಸುಮಾರು 2,710ರಲ್ಲಿ ನಿಂತಿತು. ಒಂದೇ ದಿನದಲ್ಲಿ ಶೇ 17ರಷ್ಟು ಏರಿಕೆ. ಸೂಚ್ಯಂಕ ಮಾತ್ರ ಅಂದು ಹೆಚ್ಚು ಕದಲಿರಲಿಲ್ಲ.

ಇಂಥ ದಿನ ನಮ್ಮ ಬೀದಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೇಳುವ ಪ್ರಶ್ನೆ ಒಂದೇ. "ಅಲ್ಲಾ ಸಾರ್, ಹದಿನೇಳು ಪರ್ಸೆಂಟ್ ಏರಿ ಆಯ್ತು. ಈಗ ಹೋಗಿ ಕೊಳ್ಳೋದು ಅಂದ್ರೆ ಪಂಕ್ತಿ ಎದ್ದ ಮೇಲೆ ಎಲೆ ಹಾಕಿಸಿಕೊಂಡ ಹಾಗಲ್ವಾ?"

ಹಾಗೆ ಅನ್ನಿಸುವುದು ಸಹಜ. ಆದರೆ ಆ ಊಟ ಮುಗಿದಿರಲಿಲ್ಲ. ಮುಂದಿನ ಫಲಿತಾಂಶದ ಹಿಂದಿನ ದಿನ, ಏಪ್ರಿಲ್ 11ರಂದು, ಅದೇ ಷೇರು ಸುಮಾರು 2,917ರಲ್ಲಿ ಮುಕ್ತಾಯವಾಯಿತು. ಶೇ 17ರ ಜಿಗಿತ ಕಣ್ಣಾರೆ ಕಂಡು, ಅಂದೇ ಸಂಜೆ ಕೊಂಡವರಿಗೂ ಮೂರು ತಿಂಗಳಲ್ಲಿ ಶೇ 7ಕ್ಕೂ ಮಿಕ್ಕಿ ಸಿಕ್ಕಿತ್ತು. ಮರುದಿನ ಏಪ್ರಿಲ್ 12, ಅದೂ ಶುಕ್ರವಾರವೇ. ಮುಂದಿನ ವರ್ಷದ ಬೆಳವಣಿಗೆ ಶೇ 6ರಿಂದ 10ರಷ್ಟು ಮಾತ್ರ ಎಂದು ಕಂಪನಿ ಹೇಳಿತು. ಷೇರು ಶೇ 21ರಷ್ಟು ಕುಸಿದು ಸುಮಾರು 2,295ಕ್ಕೆ ಬಂತು. ಅಂದರೆ ಜನವರಿಯ ಜಿಗಿತಕ್ಕೂ ಹಿಂದಿದ್ದ ಬೆಲೆಗಿಂತ ಕೆಳಕ್ಕೆ.

ಈಗಿನ ನಕ್ಷೆಯಲ್ಲಿ ಈ ಬೆಲೆಗಳನ್ನು ಹುಡುಕಿದರೆ ಸಿಗುವುದಿಲ್ಲ. ಆಮೇಲೆ 2014, 2015 ಮತ್ತು 2018ರಲ್ಲಿ ಒಂದಕ್ಕೊಂದು ಬೋನಸ್ ಷೇರು ಬಂದಿರುವುದರಿಂದ ಎಲ್ಲವನ್ನೂ ಎಂಟರಿಂದ ಭಾಗಿಸಿ ತೋರಿಸುತ್ತಾರೆ. 2,710 ಅಲ್ಲಿ 339ರ ಆಸುಪಾಸು ಕಾಣುತ್ತದೆ.

ಈ ಎರಡು ಶುಕ್ರವಾರಗಳ ನಡುವೆಯೇ ನಮ್ಮ ವಿಷಯವೆಲ್ಲ ಇದೆ. ಫಲಿತಾಂಶ ಅಚ್ಚರಿ ತಂದ ಮೇಲೆ ಷೇರು ಅದೇ ದಿಕ್ಕಿಗೆ ವಾರಗಟ್ಟಲೆ ನಿಧಾನವಾಗಿ ಜರುಗುತ್ತಾ ಹೋಗುವುದನ್ನು ಇಂಗ್ಲಿಷ್ ಬಲ್ಲವರು 'ಡ್ರಿಫ್ಟ್' ಎನ್ನುತ್ತಾರೆ. ನಾವು ಸೆಳವು ಎನ್ನೋಣ. ಆ ಸೆಳವನ್ನು ಹಿಡಿದು ಸ್ವಲ್ಪ ದೂರ ಹೋಗಿ, ಸರಿಯಾದ ಜಾಗದಲ್ಲಿ ಇಳಿದುಕೊಳ್ಳುವುದೇ ಈ ತಂತ್ರ.

ಅರ್ಧ ಶತಮಾನದ ಒಗಟು

ಇದನ್ನು ಮೊದಲು ಅಂಕಿಗಳಲ್ಲಿ ತೋರಿಸಿದವರು ರೇ ಬಾಲ್ ಮತ್ತು ಫಿಲಿಪ್ ಬ್ರೌನ್. 1968ರಲ್ಲಿ ಪ್ರಕಟವಾದ ಅವರ ಅಧ್ಯಯನ ಅಮೆರಿಕದ 261 ಕಂಪನಿಗಳದ್ದು. ಲಾಭದ ಸುದ್ದಿ ಹೊರಬಿದ್ದ ಮೇಲೂ, ಒಳ್ಳೆಯ ಸುದ್ದಿ ಕೊಟ್ಟ ಷೇರುಗಳು ಇನ್ನಷ್ಟು ಮೇಲಕ್ಕೂ, ಕೆಟ್ಟ ಸುದ್ದಿಯವು ಇನ್ನಷ್ಟು ಕೆಳಕ್ಕೂ ಹೋಗುತ್ತಿದ್ದವು. ಸುದ್ದಿ ಎಲ್ಲರಿಗೂ ಗೊತ್ತಾದ ಕ್ಷಣವೇ ಬೆಲೆ ಸರಿಯಾಗಿ ಕೂರಬೇಕೆಂಬ ಸಿದ್ಧಾಂತಕ್ಕೆ ಇದು ಒಗ್ಗುತ್ತಿರಲಿಲ್ಲ. 1989ರಲ್ಲಿ ವಿಕ್ಟರ್ ಬರ್ನಾರ್ಡ್ ಮತ್ತು ಜೇಕಬ್ ಥಾಮಸ್ ಇನ್ನೂ ದೊಡ್ಡ ಲೆಕ್ಕ ಹಾಕಿದರು. ಷೇರುಗಳನ್ನು ಅಚ್ಚರಿಯ ಗಾತ್ರಕ್ಕೆ ತಕ್ಕಂತೆ ಹತ್ತು ಗುಂಪು ಮಾಡಿ, ಅತಿ ಒಳ್ಳೆಯ ಅಚ್ಚರಿಯವನ್ನು ಕೊಂಡು ಅತಿ ಕೆಟ್ಟವನ್ನು ಮಾರಿದ್ದರೆ, 60 ವಹಿವಾಟು ದಿನಗಳಲ್ಲಿ ಸುಮಾರು ಶೇ 4.2 ಸಿಗುತ್ತಿತ್ತು. ಖರ್ಚು ಕಳೆಯುವ ಮುನ್ನ, ಸರಾಸರಿಯಲ್ಲಿ.

ಯಾಕೆ ಹೀಗೆ? ಅವರ ಉತ್ತರ ಸರಳವಾಗಿತ್ತು. ಕಂಪನಿಯ ಲಾಭ ಒಂದು ತ್ರೈಮಾಸಿಕದಲ್ಲಿ ನಿರೀಕ್ಷೆ ಮೀರಿದರೆ, ಮುಂದಿನ ಎರಡು ಮೂರು ತ್ರೈಮಾಸಿಕಗಳಲ್ಲೂ ಸ್ವಲ್ಪ ಮಟ್ಟಿಗೆ ಹಾಗೇ ಆಗುವ ಒಲವು ಇರುತ್ತದೆ. ಹೊಸ ಗ್ರಾಹಕ ಸಿಕ್ಕಿದ್ದಾನೆ, ಕಚ್ಚಾ ಸಾಮಗ್ರಿ ಅಗ್ಗವಾಗಿದೆ, ಹೊಸ ಘಟಕ ಶುರುವಾಗಿದೆ. ಇಂಥ ಕಾರಣಗಳು ಮೂರು ತಿಂಗಳಿಗೇ ಮುಗಿಯುವುದಿಲ್ಲ. ಆದರೆ ಕೊಳ್ಳುವವರು ಪ್ರತಿ ತ್ರೈಮಾಸಿಕವನ್ನೂ ಬಿಡಿಬಿಡಿಯಾಗಿ ನೋಡುತ್ತಾರೆ. ಅದರ ಜೊತೆಗೆ ಇನ್ನೊಂದು ಕಾರಣವೂ ಇದೆ. ದೊಡ್ಡ ಮ್ಯೂಚುವಲ್ ಫಂಡ್ ಒಂದು ಷೇರನ್ನು ಒಂದೇ ಬೆಳಗ್ಗೆ ಕೊಂಡು ಮುಗಿಸಲಾರದು. ತಾನೇ ಬೆಲೆ ಏರಿಸಿಕೊಳ್ಳಬಾರದೆಂದು ದಿನಕ್ಕಿಷ್ಟು ಎಂದು ಕೊಳ್ಳುತ್ತಾ ಹೋಗುತ್ತದೆ.

ಬರ್ನಾರ್ಡ್ ಮತ್ತು ಥಾಮಸ್ ಕಂಡ ಇನ್ನೊಂದು ಸಂಗತಿಯನ್ನು ಈ ತಂತ್ರ ಕಲಿಸುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಆ ಸೆಳವಿನ ಗಣನೀಯ ಪಾಲು ಬರುತ್ತಿದ್ದದ್ದು ಮುಂದಿನ ಫಲಿತಾಂಶದ ದಿನದ ಆಸುಪಾಸಿನಲ್ಲಿ. ಅಂದರೆ ಸಂಶೋಧಕರ ಲೆಕ್ಕದಲ್ಲಿ ಮುಂದಿನ ಫಲಿತಾಂಶವನ್ನೂ ದಾಟಿ ಹಿಡಿದುಕೊಂಡವನಿಗೇ ಹೆಚ್ಚು ಲಾಭ. ಹಾಗಿದ್ದರೆ ಏಪ್ರಿಲ್ 12ರ ಇನ್ಫೋಸಿಸ್?

ಸಂಶೋಧಕ ಹಿಡಿದಿರುವುದು ಸಾವಿರಾರು ಷೇರುಗಳನ್ನು. ಅದರಲ್ಲಿ ಒಂದು ಶೇ 21 ಕುಸಿದರೆ ಇನ್ನೊಂದು ಶೇ 15 ಏರಿರುತ್ತದೆ, ಸರಾಸರಿ ಉಳಿದುಕೊಳ್ಳುತ್ತದೆ. ನಾವು ನೀವು ಹಿಡಿದಿರುವುದು ನಾಲ್ಕೋ ಐದೋ. ನಮ್ಮ ಪಾಲಿಗೆ ಸರಾಸರಿ ಬರುವುದಿಲ್ಲ, ಆ ಒಂದು ಷೇರಿನ ಆ ಒಂದು ಬೆಳಗ್ಗೆ ಬರುತ್ತದೆ. ಹಾಗಾಗಿ ಸಣ್ಣ ಹೂಡಿಕೆದಾರ ಸಂಶೋಧನೆಯ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು, ಇನ್ನೊಂದು ಭಾಗವನ್ನು ತಿಳಿದೂ ತಿಳಿದೂ ಬಿಟ್ಟುಕೊಡಬೇಕು. ಮುಂದೆ ಬರುವ ನಿಯಮಗಳೆಲ್ಲ ಈ ಮಾತಿನಿಂದಲೇ ಹುಟ್ಟಿದವು.

ಅಚ್ಚರಿ ನಿಜವೇ?

ಹಳೆಯ ಅಧ್ಯಯನಗಳಲ್ಲಿ ಅಚ್ಚರಿ ಅಳೆಯುವ ಕ್ರಮ ಹೀಗಿತ್ತು. ಈ ತ್ರೈಮಾಸಿಕದ ಪ್ರತಿ ಷೇರಿನ ಗಳಿಕೆಯಿಂದ ಹೋದ ವರ್ಷದ ಇದೇ ತ್ರೈಮಾಸಿಕದ ಗಳಿಕೆಯನ್ನು ಕಳೆಯಿರಿ. ಬಂದ ವ್ಯತ್ಯಾಸ ಆ ಕಂಪನಿಗೆ ಮಾಮೂಲಿಯೋ ಅಲ್ಲವೋ ನೋಡಿ. ಹೋದ ವರ್ಷ 10 ರೂಪಾಯಿ, ಈ ಸಲ 13. ಸಾಮಾನ್ಯವಾಗಿ ಒಂದು ರೂಪಾಯಿ ಆಚೀಚೆ ಆಗುವ ಕಂಪನಿಯಾದರೆ ಈ ಮೂರು ರೂಪಾಯಿ ದೊಡ್ಡ ಸುದ್ದಿ. ಐದು ರೂಪಾಯಿ ಏರಿಳಿತ ಮಾಮೂಲಿಯಾದ ಸಕ್ಕರೆ ಕಾರ್ಖಾನೆಗಾದರೆ ಅದು ಸುದ್ದಿಯೇ ಅಲ್ಲ.

ಇದಕ್ಕಿಂತ ಸುಲಭದ ಅಳತೆ ಬೆಲೆಯೇ. ಫಲಿತಾಂಶಕ್ಕೆ ಮಾರುಕಟ್ಟೆ ಪ್ರತಿಕ್ರಿಯಿಸಿದ ದಿನ ಷೇರು ಎಷ್ಟು ಏರಿತು, ಅದರಲ್ಲಿ ನಿಫ್ಟಿ ಏರಿದ್ದೆಷ್ಟು ಎಂದು ಕಳೆದು ನೋಡಿ. ನಿಫ್ಟಿಗಿಂತ ಶೇ 5ಕ್ಕೂ ಹೆಚ್ಚು ಏರಿರಬೇಕು, ವಹಿವಾಟು ಹಿಂದಿನ 20 ದಿನಗಳ ಸರಾಸರಿಯ ಎರಡು ಮೂರು ಪಟ್ಟು ಇರಬೇಕು ಎಂಬುದು ನಾನು ಇಟ್ಟುಕೊಂಡಿರುವ ಗೆರೆ. ಇದು ಶಾಸ್ತ್ರವಲ್ಲ, ಅನುಭವದ ಅಂದಾಜು.

ಬೆಲೆ ಏರಿದ್ದರೂ ಫಲಿತಾಂಶದ ಹಾಳೆಯನ್ನು ಒಮ್ಮೆ ತೆರೆಯಲೇಬೇಕು. ಎನ್‌ಎಸ್‌ಇ ಅಥವಾ ಬಿಎಸ್‌ಇ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಮೊದಲ ಸಾಲು ಕಾರ್ಯಾಚರಣೆಯ ಆದಾಯ, ಅದರ ಕೆಳಗಿನದು 'ಇತರ ಆದಾಯ', ಇನ್ನಷ್ಟು ಕೆಳಗೆ ತೆರಿಗೆಗೆ ಮುನ್ನ 'ಅಸಾಧಾರಣ ಬಾಬ್ತು'. ಲಾಭ ದುಪ್ಪಟ್ಟಾಗಿದೆ ಎಂಬ ತಲೆಬರಹ ಓದಿ ಹಾಳೆ ತೆರೆದರೆ, ಕಾರ್ಯಾಚರಣೆಯ ಆದಾಯ ಇದ್ದಲ್ಲೇ ಇದ್ದು, ಹಳೆಯ ಜಮೀನು ಮಾರಿದ ಹಣ ಅಸಾಧಾರಣ ಬಾಬ್ತಿನಲ್ಲಿ ಕೂತಿರುವುದುಂಟು. ಜಮೀನನ್ನು ಒಂದೇ ಸಲ ಮಾರಬಹುದು. ಮುಂದಿನ ತ್ರೈಮಾಸಿಕಕ್ಕೂ ಮುಂದುವರಿಯುವ ಲಾಭದಿಂದಲೇ ಸೆಳವು ಹುಟ್ಟುವುದಾದರೆ, ಇಂಥ ಲಾಭದಲ್ಲಿ ಆ ಶಕ್ತಿ ಇರುವುದಿಲ್ಲ.

ಯಾವ ಮುಖದಿಂದ ಅಚ್ಚರಿ ಬಂತು ಎಂಬುದೂ ಮುಖ್ಯ. ನಾವು ಕೊಳ್ಳುವ ಮುಖವನ್ನಷ್ಟೇ ಬಳಸುವುದು ಒಳಿತು. ಡೆಲಿವರಿ ವಹಿವಾಟಿನಲ್ಲಿ ಸಾಮಾನ್ಯ ಗಿರಾಕಿ ಇಲ್ಲದ ಷೇರನ್ನು ಮಾರಿ ರಾತ್ರಿ ದಾಟಿಸುವಂತಿಲ್ಲ. ಅದಕ್ಕೆ ಫ್ಯೂಚರ್ಸ್ ಬೇಕು, ಅಲ್ಲಿ ಒಂದು ಲಾಟ್‌ನ ಗಾತ್ರವೇ ಹಲವು ಲಕ್ಷ. ಕೆಟ್ಟ ಸುದ್ದಿಯ ಸೆಳವು ನಂಬಿಕಸ್ಥವೂ ಅಲ್ಲ. 2023ರ ಏಪ್ರಿಲ್ 17ರಂದು ಇದೇ ಇನ್ಫೋಸಿಸ್ ಫಲಿತಾಂಶಕ್ಕೆ ಬೇಸತ್ತು ಶೇ 9ಕ್ಕೂ ಹೆಚ್ಚು ಕುಸಿದು 1,260ರ ಆಸುಪಾಸಿಗೆ ಬಂತು. ಇನ್ನೂ ಇಳಿಯುತ್ತದೆಂದು ಮಾರಿದವನು, ಜುಲೈ 20ರ ಹೊತ್ತಿಗೆ ಅದೇ ಷೇರು 1,450ರ ಬಳಿ ಇರುವುದನ್ನು ನೋಡಬೇಕಾಯಿತು.

ಯಾವಾಗ ಹತ್ತುವುದು, ಎಷ್ಟು ದಿನ ಕೂರುವುದು

ಬೆಳಗ್ಗೆ 9:15ಕ್ಕೆ ನುಗ್ಗುವುದು ಬೇಡ. ಆ ಹೊತ್ತಿನ ಬೆಲೆಯಲ್ಲಿ ಆತುರ ಹೆಚ್ಚು, ವಿಚಾರ ಕಡಿಮೆ. ನನ್ನ ಕ್ರಮವೆಂದರೆ ಪ್ರತಿಕ್ರಿಯೆಯ ದಿನದ ಕೊನೆಯ ಅರ್ಧ ಗಂಟೆ, ಮಧ್ಯಾಹ್ನ 3ರಿಂದ 3:30. ಅಷ್ಟು ಹೊತ್ತಿಗೆ ಲಾಭ ಬಾಚಿಕೊಳ್ಳುವವರು ಬಾಚಿಕೊಂಡಿರುತ್ತಾರೆ. ಅಷ್ಟಾದರೂ ಷೇರು ಅಂದಿನ ಏರಿಳಿತದ ಮೇಲಿನ ಮೂರನೇ ಒಂದು ಭಾಗದಲ್ಲೇ ನಿಂತಿದ್ದರೆ, ಕೊಳ್ಳುವವರು ಇನ್ನೂ ಇದ್ದಾರೆಂದು ತಿಳಿಯಬಹುದು. ಬೆಳಗ್ಗೆ ಶೇ 12 ಹಾರಿ ಸಂಜೆಗೆ ಶೇ 4ಕ್ಕೆ ಇಳಿದಿದ್ದರೆ ಅದನ್ನು ಬಿಟ್ಟುಬಿಡುವುದೇ ಸರಿ. ದಿನವಿಡೀ ಮೇಲಿನ ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡ ಸಣ್ಣ ಕಂಪನಿಯ ಷೇರಿನ ಗೊಡವೆಯೂ ಬೇಡ. ಇಂದು ಕೊಳ್ಳಲು ಸಿಗದ ಷೇರು ನಾಳೆ ಕೆಳಗಿನ ಸರ್ಕ್ಯೂಟ್‌ಗೆ ಬಿದ್ದರೆ ಮಾರಲೂ ಆಗುವುದಿಲ್ಲ.

ಕೊಂಡ ಕೂಡಲೇ ಪುಸ್ತಕದಲ್ಲಿ ಮೂರು ಬಗೆಯ ನಿರ್ಗಮನ ಬರೆದಿಡಬೇಕು. ಮೊದಲನೆಯದು ಬೆಲೆಯದು. ಕೊಂಡ ಬೆಲೆಗಿಂತ ಶೇ 8 ಕೆಳಗೆ ಮುಕ್ತಾಯವಾದರೆ ಮರು ಮಾತಿಲ್ಲದೆ ಹೊರಗೆ. ಸೆಳವು ಇದ್ದಿದ್ದರೆ ಬೆಲೆ ಅಷ್ಟು ಹಿಂದೆ ಬರುತ್ತಿರಲಿಲ್ಲ, ಅಂದರೆ ನಮ್ಮ ಊಹೆಯೇ ತಪ್ಪು. ಬಿದ್ದ ಷೇರನ್ನು ಇನ್ನಷ್ಟು ಕೊಂಡು ಸರಾಸರಿ ಇಳಿಸುವ ಚಾಳಿಗೆ ಇಲ್ಲಿ ಜಾಗವಿಲ್ಲ.

ಎರಡನೆಯದು ತಾಳ್ಮೆಯದು. ಇಪ್ಪತ್ತು ವಹಿವಾಟು ದಿನ ಕಳೆದರೂ ಷೇರು ಕೊಂಡಲ್ಲೇ ಇದ್ದು, ನಿಫ್ಟಿ ಅದಕ್ಕಿಂತ ಮುಂದೆ ಹೋಗಿದ್ದರೆ, ನಷ್ಟವಿಲ್ಲದಿದ್ದರೂ ಹೊರಬರಬೇಕು.

ಮೂರನೆಯದು ತಾರೀಖಿನದು. ಅರವತ್ತು ವಹಿವಾಟು ದಿನ, ಅಥವಾ ಮುಂದಿನ ಫಲಿತಾಂಶದ ಹಿಂದಿನ ವಹಿವಾಟು ದಿನ, ಇವೆರಡರಲ್ಲಿ ಯಾವುದು ಮೊದಲೋ ಅದು. ಸೆಬಿ ನಿಯಮದಂತೆ ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಫಲಿತಾಂಶ ಬರಬೇಕು, ವರ್ಷಾಂತ್ಯದ ಲೆಕ್ಕಕ್ಕೆ 60 ದಿನ. ಫಲಿತಾಂಶಕ್ಕಾಗಿ ಆಡಳಿತ ಮಂಡಳಿ ಸೇರುವ ದಿನವನ್ನು ಕಂಪನಿ ಮುಂಚಿತವಾಗಿಯೇ ಷೇರುಪೇಟೆಗೆ ತಿಳಿಸಬೇಕು. ಆದ್ದರಿಂದ ಈ ದಿನಾಂಕ ಗೊತ್ತಿರಲಿಲ್ಲ ಎಂಬ ನೆಪ ಯಾರಿಗೂ ಇಲ್ಲ.

ಮೂರನೆಯ ನಿಯಮವನ್ನು ಮುರಿದೇ ನಾನು ಅದರ ಬೆಲೆ ಕಲಿತದ್ದು. ಮಧ್ಯಮ ಗಾತ್ರದ ಒಂದು ಕಂಪನಿಯ ಷೇರು ನನ್ನಲ್ಲಿ ಚೆನ್ನಾಗಿ ಏರಿ 440ರಲ್ಲಿತ್ತು. ಫಲಿತಾಂಶ ನಾಳೆ ಎಂದು ಗೊತ್ತಿತ್ತು. 410ಕ್ಕೆ ಸ್ಟಾಪ್‌ಲಾಸ್ ಹಾಕಿದ್ದೇನಲ್ಲ, ಇನ್ನೇನು ಭಯ ಎಂದುಕೊಂಡೆ. ಆ ಆರ್ಡರ್‌ನಲ್ಲಿ ಚಾಲೂ ಆಗುವ ಬೆಲೆ 410, ಮಾರಬಹುದಾದ ಕನಿಷ್ಠ ಬೆಲೆ 408. ಫಲಿತಾಂಶ ಬಂದ ಮರುದಿನ ಷೇರು ತೆರೆದದ್ದೇ 352ಕ್ಕೆ. ಆರ್ಡರ್ ಚಾಲೂ ಆಯಿತು. ಆದರೆ 408ಕ್ಕೆ ಕೊಳ್ಳುವವರು ಯಾರಿದ್ದಾರೆ? ದಿನವಿಡೀ ಅದು ಪರದೆಯ ಮೇಲೆ 'ಓಪನ್' ಎಂದು ಕೂತಿತ್ತು. ಸ್ಟಾಪ್‌ಲಾಸ್ ಎಂಬುದು ಮೆಟ್ಟಿಲಿನ ಪಕ್ಕದ ಕಂಬಿ. ಹಿಡಿದು ಇಳಿಯಲು ಅದು ಸಾಕು, ಮೆಟ್ಟಿಲೇ ಇಲ್ಲದ ಕಡೆ ಕಾಲಿಟ್ಟರೆ ಅದೇನು ಮಾಡೀತು?

ಎಷ್ಟು ಹಾಕುವುದು

ಇನ್ಫೋಸಿಸ್ ಪ್ರಸಂಗವನ್ನೇ ಲೆಕ್ಕಕ್ಕಿಟ್ಟು ನೋಡೋಣ. ನಿಮ್ಮ ಬಳಿ ಇಂಥ ವಹಿವಾಟಿಗೆಂದೇ ಎತ್ತಿಟ್ಟ 5 ಲಕ್ಷ ರೂಪಾಯಿ ಇದೆ ಎಂದುಕೊಳ್ಳಿ. ಒಂದು ವಹಿವಾಟಿನಲ್ಲಿ ಕಳೆದುಕೊಳ್ಳಲು ಸಿದ್ಧವಿರುವುದು ಅದರ ಶೇ 1, ಅಂದರೆ 5,000. ಸುಲಭಕ್ಕೆ 2,700ಕ್ಕೆ ಕೊಂಡಿರಿ. ಶೇ 8 ಎಂದರೆ 216 ರೂಪಾಯಿ, ಸ್ಟಾಪ್‌ಲಾಸ್ 2,484. ಐದು ಸಾವಿರವನ್ನು 216ರಿಂದ ಭಾಗಿಸಿದರೆ 23 ಷೇರು. ಹಾಕಿದ ಹಣ 62,100 ರೂಪಾಯಿ.

ಏಪ್ರಿಲ್ 11ರ ಸಂಜೆ 2,917ಕ್ಕೆ ಮಾರಿದ್ದರೆ ಷೇರಿಗೆ 217ರಂತೆ 4,991 ರೂಪಾಯಿ ಲಾಭ. ಮಾರದೆ ಕೂತಿದ್ದರೆ ಮರುದಿನ ಸಂಜೆ 2,295ರ ಲೆಕ್ಕದಲ್ಲಿ 9,315 ರೂಪಾಯಿ ನಷ್ಟ. ಐದು ಸಾವಿರಕ್ಕೆಂದು ಕಟ್ಟಿದ ಬೇಲಿಯನ್ನು ನಷ್ಟ ಹಾರಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತಿತ್ತು. ಷೇರು, ಕೊಂಡ ಬೆಲೆ, ಸ್ಟಾಪ್‌ಲಾಸ್ ಎಲ್ಲ ಅವೇ. ಬದಲಾದದ್ದು ಒಂದು ದಿನ.

ಇಲ್ಲಿ ಇನ್ನೊಂದು ಬಲೆ ಇದೆ. ಸ್ಟಾಪ್‌ಲಾಸ್ ಹತ್ತಿರ ಇಟ್ಟಷ್ಟೂ ಜಾಗ್ರತೆ ಎಂದು ಕೆಲವರು ಭಾವಿಸುತ್ತಾರೆ. ಶೇ 8ರ ಬದಲು ಶೇ 3 ಇಟ್ಟರೆ ಅಂತರ 81 ರೂಪಾಯಿ. ಅದೇ ಐದು ಸಾವಿರದ ಲೆಕ್ಕಕ್ಕೆ 61 ಷೇರು ಬರುತ್ತವೆ, ಹಾಕುವ ಹಣ 1,64,700ಕ್ಕೆ ಏರುತ್ತದೆ. ಕಾಗದದ ಮೇಲೆ ಅಪಾಯ ಅಷ್ಟೇ. ಆದರೆ ಫಲಿತಾಂಶವಲ್ಲದ ಬೇರೇನೋ ಕೆಟ್ಟ ಸುದ್ದಿ ಬಂದು ಷೇರು ಒಂದೇ ರಾತ್ರಿಯಲ್ಲಿ ಶೇ 20 ಬಿದ್ದರೆ ಸುಮಾರು 33,000 ಹೋಗುತ್ತದೆ. ಆದ್ದರಿಂದ ಶೇ 1ರ ಮಿತಿಯ ಜೊತೆಗೆ ಎರಡನೆಯ ಮಿತಿ ಬೇಕು: ಯಾವ ಒಂದು ಷೇರಿನಲ್ಲೂ ಒಟ್ಟು ಹಣದ ಶೇ 12ರಿಂದ 15ಕ್ಕಿಂತ ಹೆಚ್ಚು ಇರಬಾರದು. ಆಗ ಶೇ 20ರ ಕುಸಿತ ಬಂದರೂ ಒಟ್ಟು ಹಣದಲ್ಲಿ ಹೋಗುವುದು ಶೇ 3ರೊಳಗೆ.

ಮೂರನೆಯ ಮಿತಿ ಒಟ್ಟಾರೆಯದು. ಐದಕ್ಕಿಂತ ಹೆಚ್ಚು ಷೇರು ಒಟ್ಟಿಗೆ ಬೇಡ, ಒಂದೇ ವಲಯದಿಂದ ಎರಡಕ್ಕಿಂತ ಹೆಚ್ಚು ಬೇಡ. ಐಟಿ ಕಂಪನಿಗಳೆಲ್ಲ ಸಾಮಾನ್ಯವಾಗಿ ಫಲಿತಾಂಶದ ಋತುವಿನ ಶುರುವಿನಲ್ಲೇ ಒಂದರ ಹಿಂದೊಂದು ಬರುತ್ತವೆ. ಅವುಗಳಲ್ಲಿ ನಾಲ್ಕನ್ನು ಕೊಂಡವನು ನಾಲ್ಕು ಕಡೆ ಹಂಚಿದ್ದೇನೆ ಎಂದುಕೊಂಡಿರುತ್ತಾನೆ. ಡಾಲರ್ ಅಥವಾ ಅಮೆರಿಕದ ಬ್ಯಾಂಕುಗಳಿಂದ ಒಂದು ಸುದ್ದಿ ಬಂದರೆ ನಾಲ್ಕೂ ಒಂದೇ ದಿನ ಬೀಳುತ್ತವೆ. ಒಂದೇ ಋತುವಿನಲ್ಲಿ ಸತತ ಮೂರು ಸ್ಟಾಪ್‌ಲಾಸ್ ತಗುಲಿದರೆ ಆ ಋತು ಮುಗಿಯಿತೆಂದು ಪುಸ್ತಕ ಮುಚ್ಚುವುದು ಕೊನೆಯ ಮಿತಿ. ಸಾಲ ತಂದು ಆಡುವಂತಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಉಳಿಯುವುದೆಷ್ಟು

ಆ 4,991 ರೂಪಾಯಿ ಪೂರ್ತಿ ಕೈಗೆ ಬರುವುದಿಲ್ಲ. ಈಗಿನ ದರದಲ್ಲಿ ಕೊಳ್ಳುವಾಗಲೂ ಮಾರುವಾಗಲೂ ಶೇ 0.1ರ ವಹಿವಾಟು ತೆರಿಗೆ, ಅಂದರೆ ಸುಮಾರು 129 ರೂಪಾಯಿ. ಸ್ಟ್ಯಾಂಪ್ ಶುಲ್ಕ, ಡಿಮ್ಯಾಟ್ ಶುಲ್ಕ ಸೇರಿ ಖರ್ಚು 170ರ ಸುತ್ತ. ವರ್ಷದೊಳಗೆ ಮಾರಿದ್ದರಿಂದ ಲಾಭದ ಮೇಲೆ ಶೇ 20 ತೆರಿಗೆ, ಅದರ ಮೇಲೆ ಸೆಸ್. ಕೊನೆಗೆ ಉಳಿಯುವುದು 3,800ರ ಆಸುಪಾಸು. ಸ್ಟಾಪ್‌ಲಾಸ್ ತಗುಲಿದ್ದರೆ ಖರ್ಚು ಸೇರಿ 5,000ಕ್ಕೂ ಹೆಚ್ಚು ಹೋಗುತ್ತಿತ್ತು. ಅಂದರೆ ಗೆಲುವು ಸೋಲು ಇಷ್ಟೇ ಗಾತ್ರದವಾದರೆ, ತೆರಿಗೆಗೂ ಮೊದಲೇ ಎರಡರಲ್ಲಿ ಒಂದಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ಇಲ್ಲವೇ ಕೆಲವು ಗೆಲುವುಗಳಾದರೂ ಶೇ 8ನ್ನು ಚೆನ್ನಾಗಿ ಮೀರಬೇಕು.

ಅದು ಈಗ ಮೊದಲಿನಷ್ಟು ಸುಲಭವೂ ಅಲ್ಲ. ಚಾರ್ಲ್ಸ್ ಮಾರ್ಟಿನೋ ಎಂಬ ಸಂಶೋಧಕ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯೇ ಈ ಸೆಳವಿಗೆ ಶಾಂತಿ ಕೋರುವಂತಿತ್ತು. ಅಮೆರಿಕದಲ್ಲಿ ತೀರಾ ಸಣ್ಣ ಕಂಪನಿಗಳನ್ನು ಬಿಟ್ಟರೆ 2006ರ ಈಚೆಗೆ ಅದು ಮಾಯವಾಗಿದೆ, ಬೆಲೆ ಫಲಿತಾಂಶದ ದಿನವೇ ಸರಿಯಾದ ಮಟ್ಟಕ್ಕೆ ಬಂದು ಕೂರುತ್ತಿದೆ ಎಂಬುದು ಅವರ ಮಾತು. ಎಲ್ಲರೂ ನೋಡುವ ದೊಡ್ಡ ಷೇರಿನಲ್ಲಿ ಸೆಳವು ಸಣಕಲಾಗಿದೆ. ಹೆಚ್ಚು ಉಳಿದಿರುವುದು ವಿಶ್ಲೇಷಕರು ಅಷ್ಟಾಗಿ ತಿರುಗಿ ನೋಡದ ಸಣ್ಣ ಷೇರುಗಳಲ್ಲಿ. ಅಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರವೇ ಲಾಭದ ಒಂದು ಪಾಲನ್ನು ನುಂಗುತ್ತದೆ, ಸರ್ಕ್ಯೂಟ್‌ನ ಕಾಟ ಬೇರೆ.

ಸೆಳವು ನಿಮ್ಮ ಕೈಯಲ್ಲಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ದಾರಿ ಇದೆ. ಪ್ರತಿ ವಹಿವಾಟಿನ ಎದುರು, ಅದೇ ದಿನ ಅಷ್ಟೇ ಹಣಕ್ಕೆ ನಿಫ್ಟಿ ಫಂಡ್ ಕೊಂಡು ಅದೇ ದಿನ ಮಾರಿದ್ದರೆ ಏನಾಗುತ್ತಿತ್ತು ಎಂದು ಬರೆಯಿರಿ. ಮೂವತ್ತು ವಹಿವಾಟು ಕಳೆದ ಮೇಲೂ ನಿಫ್ಟಿಯ ಕಲಮೇ ಮುಂದಿದ್ದರೆ, ನೀವು ಗಳಿಸಿದ್ದು ಮಾರುಕಟ್ಟೆಯ ಏರಿಕೆಯನ್ನೇ ಹೊರತು ಸೆಳವನ್ನಲ್ಲ. ಆಗ ನಿಲ್ಲಿಸುವುದು ಲೇಸು.

ಈ ಲೆಕ್ಕವನ್ನೆಲ್ಲ ತೋರಿಸಿದಾಗ ನಮ್ಮ ನಿವೃತ್ತ ಅಧಿಕಾರಿಗಳು ಕನ್ನಡಕ ತೆಗೆದು ಕೇಳಿದರು. "ಮೂರು ತಿಂಗಳು ಕಾದು ಮೂರು ಸಾವಿರದ ಎಂಟುನೂರಾ?" ಹೌದೆಂದೆ. ಅವರು ನನ್ನ ಪುಸ್ತಕ ಎಳೆದುಕೊಂಡು ಕಲಮುಗಳನ್ನು ಒಂದೊಂದಾಗಿ ನೋಡಿದರು. ಷೇರಿನ ಹೆಸರಿನ ಪಕ್ಕದಲ್ಲೇ, ಕೊಂಡ ಬೆಲೆಗೂ ಮೊದಲು, ಒಂದು ತಾರೀಖು ಇತ್ತು. "ಕೊಳ್ಳೋ ಮುಂಚೇನೇ ಮಾರೋ ತಾರೀಖು ಬರೆದಿದ್ದೀರಲ್ಲ ಸಾರ್" ಎಂದರು. 352ಕ್ಕೆ ತೆರೆದ ಆ ಬೆಳಗಿನ ಪುಟ ತೆಗೆದು ತೋರಿಸಿದೆ. ಆ ಸಾಲಿನಲ್ಲಿ ಆ ಜಾಗ ಖಾಲಿ ಇತ್ತು.